ಪೈಪ್ ಸರಿಯಾದ ಮೇಲೂ ಉಪ್ಪು ಬಿಡುತ್ತಿದ್ದ ಗೋಡೆ: ಒಂದು ಪ್ರಕರಣ

ಹಿನ್ನೆಲೆ

ಇದು ಒಂದೇ ಒಂದು ಗೋಡೆಯ ವಿಷಯ. ಮನೆ ಯಾರದು, ಎಲ್ಲಿದೆ ಅನ್ನುವುದು ಇಲ್ಲಿ ಬೇಡ. ನೆಲಮಹಡಿಯ ಮಲಗುವ ಕೋಣೆ, ಇಟ್ಟಿಗೆ ಗೋಡೆ, ಎರಡೂ ಕಡೆ ಸಿಮೆಂಟ್ ಗಾರೆ. ಕೋಣೆಯ ಒಳಗೆ ನಿಂತು ನೋಡಿದರೆ ಗೋಡೆಯ ಎಡಗಡೆ ಅರ್ಧದ ಹಿಂದೆ ಬಚ್ಚಲುಮನೆ ಇದೆ, ಬಲಗಡೆ ಅರ್ಧದ ಹಿಂದೆ ತೆರೆದ ಅಂಗಳ. ಈ ವಿವರ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮುಖ್ಯವಾಗುತ್ತದೆ.

ಮನೆ ಕಟ್ಟಿ ಎಷ್ಟೋ ವರ್ಷ ಗೋಡೆಗೆ ಏನೂ ಆಗಿರಲಿಲ್ಲ. ಆಮೇಲೆ ಒಂದು ಸಲ ಬಣ್ಣದ ಮೇಲೆ ಸಣ್ಣ ಸಣ್ಣ ಗುಳ್ಳೆ ಕಾಣಿಸಿಕೊಂಡವು. ಗುಳ್ಳೆ ಒತ್ತಿದರೆ ಒಳಗಿಂದ ಹತ್ತಿಯಂತೆ ಹಗುರವಾದ ಬಿಳಿ ಪುಡಿ ಉದುರುತ್ತಿತ್ತು. ನೆಲದಿಂದ ಸೊಂಟದ ಎತ್ತರದವರೆಗೆ, ಹೆಚ್ಚೂಕಡಿಮೆ ಗೋಡೆಯ ಉದ್ದಕ್ಕೂ ಹೀಗೇ.

ನಾನು ಪೇಂಟಿಂಗ್ ಕೆಲಸ ಮಾಡಿಸುವವನು. ನನ್ನನ್ನು ಕರೆಯುವ ಹೊತ್ತಿಗೆ ಈ ಗೋಡೆಗೆ ಮೂರು ಸಲ ಬಣ್ಣ ಆಗಿತ್ತು, ಮೂರು ಸಲವೂ ಪುಡಿ ವಾಪಸ್ ಬಂದಿತ್ತು. ಮನೆಯವರು ಬಚ್ಚಲುಮನೆಯ ಟೈಲ್ಸ್ ಎಲ್ಲ ಒಡೆಸಲು ಹೊರಟಿದ್ದರು. ಅದಕ್ಕೆ ಮುಂಚೆ ಒಂದು ಮಾತು ಕೇಳೋಣ ಅಂತ ನನ್ನನ್ನು ಕರೆಸಿದ್ದು.

ಮೊದಲು ಮಾಡಿದ್ದ ಮೂರು ಪ್ರಯತ್ನ

ಮೊದಲ ಸಲ ಎಲ್ಲರೂ ಮಾಡುವ ಕೆಲಸವನ್ನೇ ಮಾಡಿದ್ದರು. ಗುಳ್ಳೆ ಕೆರೆದು, ಸ್ಯಾಂಡ್ ಪೇಪರ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್. ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ.

ಇದರಲ್ಲಿ ಆಶ್ಚರ್ಯವೇನಿಲ್ಲ. ಇಟ್ಟಿಗೆ, ಸಿಮೆಂಟ್, ಮರಳು, ನೆಲದ ಮಣ್ಣು, ಎಲ್ಲದರಲ್ಲೂ ನೀರಿನಲ್ಲಿ ಕರಗುವ ಉಪ್ಪು ಸ್ವಲ್ಪ ಇದ್ದೇ ಇರುತ್ತದೆ. ಗೋಡೆಯೊಳಗೆ ನೀರು ಸೇರಿದರೆ ಉಪ್ಪು ಅದರಲ್ಲಿ ಕರಗುತ್ತದೆ. ನೀರು ಗೋಡೆಯ ಮೈಗೆ ಬಂದು ಆರಿಹೋಗುತ್ತದೆ, ಆದರೆ ಉಪ್ಪು ಆರಿಹೋಗುವ ವಸ್ತು ಅಲ್ವಲ್ಲ, ಅಲ್ಲೇ ಉಳಿದು ಹರಳುಗಟ್ಟುತ್ತದೆ. ಬರಿಯ ಗಾರೆಯ ಮೇಲೆ ಹೀಗಾದರೆ ಮೇಲೆ ಪುಡಿ ಕಾಣುತ್ತದೆ ಅಷ್ಟೇ. ಗಾರೆಯ ಮೇಲೆ ಎಮಲ್ಷನ್ ಇದ್ದರೆ ನೀರು ಆರುವುದು ಬಣ್ಣದ ಹಿಂದೆ, ಹರಳು ಬೆಳೆಯುವುದೂ ಅಲ್ಲೇ. ಬೆಳೆಯುವ ಹರಳಿಗೆ ಬಣ್ಣದ ಪೊರೆಯನ್ನು ತಳ್ಳುವಷ್ಟು ಬಲ ಇರುತ್ತದೆ. ಕೆಲವೊಮ್ಮೆ ಗಾರೆಯನ್ನೇ ಪುಡಿ ಮಾಡುವಷ್ಟು ಬಲ. ಇಂಥ ಗೋಡೆಗಳಲ್ಲಿ ಸಾಮಾನ್ಯವಾಗಿ ಸಿಗುವ ಸೋಡಿಯಂ ಸಲ್ಫೇಟ್ ಅನ್ನೇ ತಗೊಳ್ಳಿ. ಅದು ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ತೇವ ಸಿಕ್ಕರೆ ನೀರನ್ನು ತನ್ನ ಹರಳಿನೊಳಗೇ ಸೇರಿಸಿಕೊಂಡು ಮೂರು ಪಟ್ಟಿಗಿಂತ ಜಾಸ್ತಿ ಉಬ್ಬುತ್ತದೆ. ಇಷ್ಟು ಉಬ್ಬಿದರೆ ಬಣ್ಣ ನಿಲ್ಲಲು ಸಾಧ್ಯವಿಲ್ಲ. ಅದರ ಜೊತೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರಿಂದ ಮೇಲೆ ಬಂದಿದ್ದ ಉಪ್ಪು ಕರಗಿ ಒಳಗೇ ವಾಪಸ್ ಹೋಗಿತ್ತು.

ಎರಡನೇ ಸಲ ಬಂದವರು ಗೋಡೆಯನ್ನು ಆಸಿಡ್‌ನಲ್ಲಿ ತೊಳೆದು, ನೆಲದಿಂದ ಸುಮಾರು ಮೂರು ಅಡಿ ಎತ್ತರಕ್ಕೆ ವಾಟರ್‌ಪ್ರೂಫ್ ಕೋಟಿಂಗ್ ಬಳಿದು ಅದರ ಮೇಲೆ ಬಣ್ಣ ಹೊಡೆದರು. ಆ ಮೂರು ಅಡಿ ನಿಜಕ್ಕೂ ಚೆನ್ನಾಗಿ ನಿಂತಿತು. ಆದರೆ ಮುಂದಿನ ಬೇಸಿಗೆಗೆ ಕೋಟಿಂಗ್ ಮುಗಿಯುವ ಗೆರೆಯ ಮೇಲೆ, ಅಂದರೆ ಇಷ್ಟು ದಿನ ಒಣಗಿದ್ದ ಜಾಗದಲ್ಲಿ, ಬಿಳಿ ಪಟ್ಟಿ ಎದ್ದಿತು. ಕೋಟಿಂಗ್ ನೀರನ್ನು ನಿಲ್ಲಿಸಿರಲಿಲ್ಲ, ಅದು ಹೊರಬರುವ ಬಾಗಿಲನ್ನು ಮಾತ್ರ ಮುಚ್ಚಿತ್ತು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೀರು ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ಇನ್ನೂ ಮೇಲಕ್ಕೆ ಏರಿ, ತೆರೆದ ಗಾರೆ ಸಿಕ್ಕಲ್ಲಿ ಆರಿತು.

ಆಸಿಡ್ ಮಾಡಿದ ಹಾನಿ ಬೇರೆ. ಸಿಮೆಂಟ್ ಗಾರೆಯಲ್ಲಿ ಸುಣ್ಣದ ಅಂಶ ಇರುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಅದರ ಜೊತೆ ಸೇರಿದರೆ ಕ್ಯಾಲ್ಸಿಯಂ ಕ್ಲೋರೈಡ್ ಆಗುತ್ತದೆ. ಇದೂ ಒಂದು ಉಪ್ಪೇ, ಅದೂ ಗಾಳಿಯಿಂದ ನೀರು ಎಳೆದುಕೊಳ್ಳುವ ಉಪ್ಪು. ಉಪ್ಪು ತೆಗೆಯಲು ಹೋಗಿ ಗೋಡೆಗೆ ಹೊಸ ಉಪ್ಪು ಕುಡಿಸಿದಂತಾಯಿತು. ಆಸಿಡ್‌ಗೆ ಕೆಲಸ ಇರುವುದು ನೀರಿನಲ್ಲಿ ಕರಗದ ಸುಣ್ಣದ ಪೊರೆಯ ಮೇಲೆ ಮಾತ್ರ. ಕರಗುವ ಉಪ್ಪಿಗೆ ಅದು ಬೇಕಾಗಿಯೇ ಇಲ್ಲ.

ಮೂರನೇ ಸಲ ಮನೆಯವರು ಒಬ್ಬ ಅನುಭವಿ ಪ್ಲಂಬರ್‌ನನ್ನು ಕರೆಸಿದರು. ಅವರು ಬಚ್ಚಲುಮನೆಯ ಕಡೆಯಿಂದ ಗೋಡೆ ಬಿಡಿಸಿ, ಒಳಗೆ ಹೋಗಿದ್ದ ಪೈಪಿನ ಒಂದು ಜಾಯಿಂಟ್ ಸೋರುತ್ತಿರುವುದನ್ನು ಕಂಡುಹಿಡಿದು ಸರಿಮಾಡಿದರು. ಒಳ್ಳೆಯ ಕೆಲಸ. ಕಾರಣ ಸಿಕ್ಕಿತು, ಇನ್ನು ತೊಂದರೆ ಇಲ್ಲ ಅಂದುಕೊಂಡು ಮೂರ‍್ನಾಲ್ಕು ವಾರದೊಳಗೆ ಪುಟ್ಟಿ ಹಾಕಿ ಬಣ್ಣ ಹೊಡೆಸಿದರು. ಮತ್ತೆ ಪುಡಿ, ಈ ಸಲ ಇನ್ನೂ ಬೇಗ, ಇನ್ನೂ ಜಾಸ್ತಿ. ಹಾಗಾದರೆ ಪ್ಲಂಬರ್ ಸರಿಯಾಗಿ ಮಾಡಿಲ್ಲ, ಇನ್ನೆಲ್ಲೋ ಸೋರುತ್ತಿದೆ, ಟೈಲ್ಸ್ ಎಲ್ಲ ಒಡೆಯಲೇಬೇಕು ಅನ್ನುವ ತೀರ್ಮಾನಕ್ಕೆ ಬಂದಿದ್ದರು.

ಒಡೆಯುವ ಮುಂಚೆ ನೋಡಿದ್ದು

ಮನೆಯ ಯಜಮಾನರು ನೇರವಾಗಿ ಕೇಳಿದರು: "ನೀವೇ ಹೇಳಿ, ಸೋರುವುದು ನಿಂತಿದ್ದರೆ ಪುಡಿ ಯಾಕೆ ಬರಬೇಕು?"

ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಮುಂಚೆ ಪುಡಿ ಏನು ಅಂತ ನೋಡಬೇಕಿತ್ತು. ಗೋಡೆಯ ಮೇಲಿನ ಬಿಳಿಯೆಲ್ಲ ಉಪ್ಪಲ್ಲ. ಬೂಸ್ಟೂ ಬಿಳಿಯಾಗಿರುತ್ತದೆ, ಹಳೆಯ ಪುಟ್ಟಿ ಪುಡಿಯಾದರೂ ಬಿಳಿಯೇ. ಗುಳ್ಳೆಯ ಒಳಗಿನ ಪುಡಿಯಲ್ಲಿ ಪುಟ್ಟಿಯೂ ಬೆರೆತಿರುತ್ತದೆ, ಆದ್ದರಿಂದ ಪುಟ್ಟಿ ಇಲ್ಲದ ಜಾಗದಿಂದ, ಸೂಜಿಯಂತೆ ಎದ್ದು ನಿಂತ ಹರಳನ್ನು ಮಾತ್ರ ಚಮಚದಲ್ಲಿ ತೆಗೆದುಕೊಂಡೆ. ಸ್ವಲ್ಪ ನೀರು ಹಾಕಿದಾಗ ಪೂರ್ತಿ ಕರಗಿತು. ಆ ನೀರನ್ನು ಒಂದು ಸ್ಟೀಲ್ ಮುಚ್ಚಳದಲ್ಲಿ ಆರಲು ಬಿಟ್ಟರೆ ಮತ್ತೆ ಬಿಳಿ ಹರಳು ಕೂತಿತು. ಬೇರೆ ಚಿಟಿಕೆಗೆ ವಿನೆಗರ್ ಹಾಕಿದರೆ ನೊರೆ ಬರಲಿಲ್ಲ. ಬೂಸ್ಟು ನೀರಿನಲ್ಲಿ ಕರಗುವುದಿಲ್ಲ. ಸುಣ್ಣದ ಪೊರೆಯೂ ಪುಟ್ಟಿಯೂ ಕರಗುವುದಿಲ್ಲ, ವಿನೆಗರ್‌ಗೆ ನೊರೆ ಬಿಡುತ್ತವೆ. ಹಾಗಾಗಿ ಇದು ಕರಗುವ ಉಪ್ಪೇ ಅನ್ನುವುದು ಖಾತ್ರಿ.

ಎರಡನೆಯದು, ಪೈಪ್. ಅದೇ ಪ್ಲಂಬರ್ ಬಂದು ಲೈನಿಗೆ ಪಂಪಿನಿಂದ ಒತ್ತಡ ಕೊಟ್ಟು ಗೇಜ್ ಹಾಕಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಮುಳ್ಳು ಅಲ್ಲೇ ಇತ್ತು. ಪೈಪ್ ಸೋರುತ್ತಿಲ್ಲ. ಬಚ್ಚಲಿನ ನೀರು ಹೋಗುವ ದಾರಿಯನ್ನೂ ಮುಚ್ಚಿ ನೀರು ತುಂಬಿಸಿ ನೋಡಿದೆವು, ಮಟ್ಟ ಇಳಿಯಲಿಲ್ಲ.

ಮನೆಯವರ ಬಳಿ ಒಂದು ಮಾಯಿಶ್ಚರ್ ಮೀಟರ್ ಇತ್ತು, ಯಾರೋ ಕೊಡಿಸಿದ್ದು. ಅದು ಗೋಡೆಯ ಎಲ್ಲ ಕಡೆ ಕೆಂಪು ತೋರಿಸುತ್ತಿತ್ತು, ಅವರ ಭಯಕ್ಕೆ ಅದೂ ಒಂದು ಕಾರಣ. ಎರಡು ಪಿನ್ನಿನ ಈ ಮೀಟರ್ ಅಳೆಯುವುದು ನೀರನ್ನಲ್ಲ, ಎರಡು ಪಿನ್ನಿನ ನಡುವೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು. ಉಪ್ಪು ಇರುವ ಗಾರೆಯಲ್ಲಿ ತೇವ ಕಡಿಮೆ ಇದ್ದರೂ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಅಂದರೆ ಉಪ್ಪು ಹಿಡಿದ ಗೋಡೆಯಲ್ಲಿ ಆ ಸಂಖ್ಯೆ ನೋಡಿ ಏನನ್ನೂ ತೀರ್ಮಾನ ಮಾಡುವಂತಿಲ್ಲ. ಅದನ್ನು ಪಕ್ಕಕ್ಕೆ ಇಡಲು ಹೇಳಿದೆ.

ಈಗ ಯಜಮಾನರ ಪ್ರಶ್ನೆಗೆ ಬರುತ್ತೇನೆ. ಸೋರುವುದು ನಿಂತ ತಕ್ಷಣ ಗೋಡೆ ಒಣಗುವುದಿಲ್ಲ. ಇಟ್ಟಿಗೆ ಗೋಡೆ ಒಣಗಲು ಪ್ರತಿ 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಅನ್ನುವ ಹಳೆಯ ಅಂದಾಜು ಒಂದಿದೆ. ಹವೆ, ಗಾಳಿ ನೋಡಿಕೊಂಡು ಇದು ಹೆಚ್ಚುಕಡಿಮೆ ಆಗುತ್ತದೆ, ಆದರೂ ಒಂಬತ್ತು ಇಂಚಿನ ಗೋಡೆಗೆ ಲೆಕ್ಕ ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ. ಹಾಗೆ ಒಣಗುವಾಗಲೇ ಉಪ್ಪು ಅತಿ ಹೆಚ್ಚು ಹೊರಬರುವುದು, ಯಾಕೆಂದರೆ ವರ್ಷಗಟ್ಟಲೆ ಒಳಗೆ ಕೂತಿದ್ದ ನೀರೆಲ್ಲ ಹೊರಗೆ ಹೊರಟಿರುತ್ತದೆ, ಉಪ್ಪನ್ನೂ ಜೊತೆಗೆ ಕರೆದುಕೊಂಡು. ಅಂದರೆ ರಿಪೇರಿ ಆದ ಮೇಲೆ ಪುಡಿ ಜಾಸ್ತಿಯಾಗುವುದು ರಿಪೇರಿ ಸರಿಯಾಗಿದೆ ಅನ್ನುವುದರ ಗುರುತೂ ಆಗಿರಬಹುದು.

"ಆಗಿರಬಹುದು" ಅಂದೆ, "ಆಗಿದೆ" ಅನ್ನಲಿಲ್ಲ. ಒಣಗುತ್ತಿರುವ ಗೋಡೆಯೂ ಪುಡಿ ಬಿಡುತ್ತದೆ, ಇನ್ನೂ ನೀರು ಕುಡಿಯುತ್ತಿರುವ ಗೋಡೆಯೂ ಬಿಡುತ್ತದೆ, ನೋಡಲು ಎರಡೂ ಒಂದೇ ಥರ. ಒಂದು ಸಲ ನೋಡಿ ಇದು ಯಾವುದು ಅಂತ ಯಾರೂ ಹೇಳಲಾರರು. ಎರಡಕ್ಕೂ ಇರುವ ವ್ಯತ್ಯಾಸ ಕಾಲ ಕಳೆದಂತೆ ಮಾತ್ರ ಕಾಣುತ್ತದೆ: ಒಣಗುವ ಗೋಡೆಯಲ್ಲಿ ಪ್ರತಿ ಸಲ ಗುಡಿಸಿದಾಗಲೂ ಪುಡಿ ಕಡಿಮೆಯಾಗುತ್ತಾ ಹೋಗಬೇಕು, ನೀರು ಸಿಗುತ್ತಿರುವ ಗೋಡೆಯಲ್ಲಿ ಅಷ್ಟೇ ಬರುತ್ತಿರುತ್ತದೆ.

ತೂಕ ಹಾಕುವ ನಿರ್ಧಾರ

ಹಾಗಾಗಿ ಬಣ್ಣವೂ ಬೇಡ, ಟೈಲ್ಸ್ ಒಡೆಯುವುದೂ ಬೇಡ, ಸ್ವಲ್ಪ ದಿನ ಗೋಡೆಯನ್ನು ಬರಿ ಮೈಯಲ್ಲಿ ಬಿಟ್ಟು ಪುಡಿಯನ್ನು ತೂಕ ಮಾಡೋಣ ಅಂದೆ. ಮನೆಯವರಿಗೆ ಇದು ಇಷ್ಟವಾಗಲಿಲ್ಲ. ಬಣ್ಣ ಕಿತ್ತ ಗೋಡೆಯ ಜೊತೆ ತಿಂಗಳುಗಟ್ಟಲೆ ಇರುವುದು ಯಾರಿಗೂ ಕಷ್ಟ. ಆದರೆ ಟೈಲ್ಸ್ ಒಡೆಯುವ ಖರ್ಚಿನ ಮುಂದೆ ಕಾಯುವುದು ವಾಸಿ ಅಂತ ಒಪ್ಪಿಕೊಂಡರು.

ಬಣ್ಣ, ಪುಟ್ಟಿ, ಹಳೆಯ ವಾಟರ್‌ಪ್ರೂಫ್ ಕೋಟಿಂಗ್ ಎಲ್ಲವನ್ನೂ ಗಾರೆ ಕಾಣುವವರೆಗೆ ಕೆರೆಸಿದೆ. ಕೋಟಿಂಗ್ ಬಿಡಿಸುವುದು ಕಷ್ಟದ ಕೆಲಸ, ಎಷ್ಟೋ ಕಡೆ ಗಾರೆಯ ಮೇಲ್ಪದರವೂ ಕಿತ್ತು ಬರುತ್ತದೆ. ಆದರೂ ಬಿಡಿಸಲೇಬೇಕು. ಆ ಪೊರೆ ಇದ್ದರೆ ನೀರಿಗೆ ಹೊರಬರುವ ದಾರಿ ಇಲ್ಲ, ನಮಗೆ ಅಳೆಯಲು ಪುಡಿಯೂ ಸಿಗುವುದಿಲ್ಲ.

ಆಮೇಲೆ ಗೋಡೆಯ ಮೇಲೆ ಪೆನ್ಸಿಲ್‌ನಿಂದ ಎರಡು ಚೌಕ ಗುರುತು ಮಾಡಿದೆ. ಒಂದು ಎಡಗಡೆ, ಬಚ್ಚಲುಮನೆಯ ಹಿಂದೆ. ಇನ್ನೊಂದು ಬಲಗಡೆ, ಅಂಗಳದ ಹಿಂದೆ. ಎರಡೂ ಒಂದು ಮೀಟರ್ ಅಗಲ, ಅರ್ಧ ಮೀಟರ್ ಎತ್ತರ, ನೆಲದಿಂದ ಒಂದೇ ಎತ್ತರದಲ್ಲಿ. ಮೂರು ವಾರಕ್ಕೊಮ್ಮೆ ಒಣಗಿದ, ಗಡುಸು ನಾರಿನ ಬ್ರಷ್‌ನಿಂದ ಪ್ರತಿ ಚೌಕವನ್ನೂ ಗುಡಿಸಿ, ಕೆಳಗೆ ಹಿಡಿದ ಕಾಗದದ ಮೇಲೆ ಪುಡಿ ಬೀಳಿಸಿಕೊಂಡು, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಕ. ತಂತಿ ಬ್ರಷ್ ಬೇಡ, ಅದು ಗಾರೆಯನ್ನೂ ಕೆರೆದು ತರುತ್ತದೆ, ಲೆಕ್ಕ ಕೆಡುತ್ತದೆ. ನೀರಂತೂ ಒಂದು ಹನಿಯೂ ಮುಟ್ಟಿಸುವಂತಿಲ್ಲ. ಗುಡಿಸಿದ ಪುಡಿಯನ್ನು ಮನೆಯಿಂದ ಹೊರಗೆ ಹಾಕಬೇಕು. ಗೋಡೆಯ ಬುಡದಲ್ಲಿ ಬಿದ್ದ ಉಪ್ಪು ನೆಲ ಒರೆಸುವ ನೀರಿನಲ್ಲಿ ಕರಗಿ ಮತ್ತೆ ಗೋಡೆಗೇ ಸೇರುತ್ತದೆ, ಆದ್ದರಿಂದ ಬುಡವನ್ನೆಲ್ಲ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಸಿದೆವು.

ಚೌಕ ಎರಡು ಯಾಕೆ ಅಂದರೆ, ಪುಡಿ ಬರುವುದು ಹವೆಯನ್ನೂ ನೋಡಿಕೊಂಡು. ಒಣ ಗಾಳಿ ಬೀಸಿದರೆ ನೀರು ಬೇಗ ಆರಿ ಪುಡಿ ಜಾಸ್ತಿ ಕಾಣುತ್ತದೆ. ಮೋಡ ಮುಸುಕಿ ಗಾಳಿಯಲ್ಲಿ ತೇವ ತುಂಬಿದ್ದರೆ ಉಪ್ಪು ಕರಗಿಯೇ ಇರುತ್ತದೆ, ಗೋಡೆ ಶುಭ್ರವಾಗಿ ಕಾಣುತ್ತದೆ. ಮಳೆಗಾಲದಲ್ಲಿ ಪುಡಿ ಕಾಣದೆ ಇದ್ದಾಗ ಸರಿಹೋಯಿತು ಅಂದುಕೊಂಡು ಬಣ್ಣ ಹೊಡೆಸಿ ಬೇಸಿಗೆಯಲ್ಲಿ ಗೋಳಾಡುವವರನ್ನು ತುಂಬ ನೋಡಿದ್ದೇನೆ. ಒಂದೇ ಚೌಕ ಇದ್ದಿದ್ದರೆ ತೂಕ ಇಳಿದದ್ದು ಹವೆಯಿಂದಲೋ ಗೋಡೆ ಒಣಗಿದ್ದರಿಂದಲೋ ಹೇಳಲಾಗುತ್ತಿರಲಿಲ್ಲ. ಒಂದೇ ಕೋಣೆ, ಒಂದೇ ಗಾಳಿ, ಒಂದೇ ದಿನ ಗುಡಿಸಿದ ಎರಡು ಚೌಕ ಇದ್ದರೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು.

ತಿರುವು

ಎಡಗಡೆ ಚೌಕದಲ್ಲಿ ಮೊದಲ ಸಲ ಸಿಕ್ಕಿದ್ದು 12 ಗ್ರಾಂ. ಮುಂದಿನ ಸಲ 5. ಅದರ ಮುಂದೆ 2. ಬಲಗಡೆ ಚೌಕದಲ್ಲಿ 8, 7, 9.

ಈ ಆರು ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರ ಮುಂದೆ ಇಟ್ಟಾಗ ವಾದ ಮುಗಿಯಿತು. ಎಡಗಡೆ ಗೋಡೆ ಒಣಗುತ್ತಿದೆ, ಪ್ಲಂಬರ್ ಕೆಲಸ ಸರಿಯಾಗಿದೆ, ಬಚ್ಚಲುಮನೆಯ ಟೈಲ್ಸ್ ಮುಟ್ಟುವ ಅಗತ್ಯ ಇಲ್ಲ. ಬಲಗಡೆ ಗೋಡೆಗೆ ಇನ್ನೂ ನೀರು ಬರುತ್ತಿದೆ, ಮತ್ತು ಅದು ಬಚ್ಚಲಿನ ನೀರಲ್ಲ. ಪೈಪ್ ಸಿಕ್ಕ ಕೂಡಲೇ ಎಲ್ಲರೂ ಇಡೀ ಗೋಡೆಯ ತಪ್ಪನ್ನು ಅದರ ಮೇಲೆ ಹಾಕಿದ್ದರಿಂದ ಬಲಗಡೆಯ ಕಾರಣವನ್ನು ಯಾರೂ ಹುಡುಕಿರಲಿಲ್ಲ.

ಈಗ ಬಲಗಡೆಗೆ ಬೇರೆ ಕಣ್ಣಿನಿಂದ ನೋಡಿದಾಗ ಇನ್ನೂ ಒಂದು ವಿಷಯ ಕಂಡಿತು. ಎಡಗಡೆಯ ಕಲೆ ಪೈಪ್ ಜಾಯಿಂಟಿನ ಸುತ್ತ ಅಂಕುಡೊಂಕಾಗಿ ಹರಡಿತ್ತು. ಬಲಗಡೆಯದು ನೆಲಕ್ಕೆ ಸಮನಾದ ಒಂದು ಪಟ್ಟಿ, ಮೇಲಿನ ಅಂಚು ಹೆಚ್ಚೂಕಡಿಮೆ ಒಂದೇ ಎತ್ತರದಲ್ಲಿ. ಕೆಳಗಿನಿಂದ ಏರುವ ನೀರು ಬಿಡುವ ಗುರುತು ಇದು. ಖಚಿತ ಮಾಡಿಕೊಳ್ಳಲು ನೆಲದ ಹತ್ತಿರ, ಸೊಂಟದ ಎತ್ತರದಲ್ಲಿ, ತಲೆಯ ಎತ್ತರದಲ್ಲಿ ನಿಧಾನವಾಗಿ ಡ್ರಿಲ್ ಮಾಡಿ ಒಳಗಿನ ಪುಡಿ ತೆಗೆದು, ತೂಗಿ, ಬಿಸಿಯಲ್ಲಿ ಒಣಗಿಸಿ, ಮತ್ತೆ ತೂಗಿದೆವು. ಡ್ರಿಲ್ ಜೋರಾಗಿ ಓಡಿಸಿದರೆ ಬಿಸಿಗೆ ಪುಡಿ ಅಲ್ಲೇ ಒಣಗಿಬಿಡುತ್ತದೆ. ತೂಕದಲ್ಲಿ ಕಡಿಮೆಯಾದದ್ದು ನೀರು. ನೆಲದ ಹತ್ತಿರ ಅತಿ ಹೆಚ್ಚು, ಸೊಂಟದಲ್ಲಿ ಅದರ ಅರ್ಧ, ತಲೆಯ ಎತ್ತರದಲ್ಲಿ ಹೇಳಿಕೊಳ್ಳುವಷ್ಟು ಇಲ್ಲ. ಈ ವಿಧಾನಕ್ಕೆ ಉಪ್ಪಿನಿಂದ ಮೀಟರ್‌ನಂತೆ ಮೋಸವಾಗುವುದಿಲ್ಲ.

ಹೊರಗೆ ಹೋಗಿ ಅಂಗಳ ನೋಡಿದೆ. ಕೆಲವು ವರ್ಷದ ಹಿಂದೆ ಅಂಗಳದಲ್ಲಿ ಕೆಸರಾಗುತ್ತದೆ ಅಂತ ಮಣ್ಣು ತುಂಬಿಸಿ, ಮೇಲೆ ಕಾಂಕ್ರೀಟ್ ಹಾಕಿಸಿ, ಗೋಡೆಗೆ ತಾಗುವವರೆಗೂ ಚಪ್ಪಡಿ ಹಾಸಿದ್ದರು. ಪಾಯದ ಮೇಲೆ ಡಿಪಿಸಿ ಪದರ ಹಾಕುತ್ತಾರಲ್ಲ, ನೆಲದ ತೇವ ಗೋಡೆಗೆ ಏರದಿರಲಿ ಅಂತ, ಅದು ಈ ಮನೆಯಲ್ಲೂ ಇತ್ತು. ಬುಡದ ಗಾರೆಯನ್ನು ಸ್ವಲ್ಪ ಬಿಡಿಸಿ ಅಳೆದರೆ ಹೊಸ ಅಂಗಳದ ಮಟ್ಟ ಆ ಪದರಕ್ಕಿಂತ ಒಂದು ಗೇಣಿನಷ್ಟು ಮೇಲೆ. ಪದರ ಗಟ್ಟಿಯಾಗಿಯೇ ಇದೆ, ಆದರೆ ತುಂಬಿದ ಮಣ್ಣಿನ ನೀರು ಅದನ್ನು ದಾಟಿ ನೇರವಾಗಿ ಮೇಲಿನ ಇಟ್ಟಿಗೆಗೆ ತಾಗುತ್ತಿದೆ. ಸಾಲದ್ದಕ್ಕೆ ಅಂಗಳದ ಇಳಿಜಾರು ಗೋಡೆಯ ಕಡೆಗೇ. ಮನೆಯವರನ್ನು ಕೇಳಿದರೆ, ಹೌದು, ಬಲಗಡೆ ಗುಳ್ಳೆ ಶುರುವಾದದ್ದು ಅಂಗಳದ ಕೆಲಸ ಆದ ಮುಂದಿನ ಮಳೆಗಾಲದ ನಂತರ ಅಂದರು.

ಮಾಡಿದ ಕೆಲಸ

ಮೊದಲು ಹೊರಗೆ. ಗೋಡೆಯ ಉದ್ದಕ್ಕೂ ಒಂದು ಅಡಿ ಅಗಲಕ್ಕೆ ಚಪ್ಪಡಿ, ಕಾಂಕ್ರೀಟ್, ಮಣ್ಣು ತೆಗೆಸಿ, ಡಿಪಿಸಿ ಪದರಕ್ಕಿಂತ 15 ಸೆಂಟಿಮೀಟರ್ ಕೆಳಗಿನವರೆಗೆ ಕಾಲುವೆ ಮಾಡಿಸಿದೆವು. ತಳಕ್ಕೆ ಇಳಿಜಾರು ಕೊಟ್ಟು ನೀರು ದೂರ ಹೋಗುವ ದಾರಿ ಮಾಡಿ, ದಪ್ಪ ಜಲ್ಲಿಯನ್ನು ತಳದಲ್ಲಿ ತೆಳುವಾಗಿ ಹರಡಿದ್ದಾಯಿತು. ಕಾಲುವೆ ತುಂಬ ಜಲ್ಲಿ ಹಾಕಿ ಮತ್ತೆ ಹಳೆಯ ಮಟ್ಟಕ್ಕೆ ತಂದರೆ ಮಾಡಿದ್ದು ವ್ಯರ್ಥ. ಡಿಪಿಸಿ ಪದರದ ಮೇಲೆ ಹಾದುಹೋಗಿದ್ದ ಹೊರಗಾರೆಯನ್ನೂ ಅಲ್ಲಿಗೆ ಕತ್ತರಿಸಿದೆವು, ಯಾಕೆಂದರೆ ಆ ಗಾರೆಯ ಮೂಲಕವೇ ನೀರು ಪದರವನ್ನು ದಾಟಿ ಏರಬಲ್ಲದು.

ಒಳಗೆ ಎರಡು ಕಡೆಗೆ ಎರಡು ಥರ. ಎಡಗಡೆ ಗಾರೆ ತಟ್ಟಿದರೆ ಗಟ್ಟಿ ಸದ್ದು ಬರುತ್ತಿತ್ತು, ಅದನ್ನು ಉಳಿಸಿಕೊಂಡು ಗುಡಿಸುವುದನ್ನು ಮುಂದುವರಿಸಿದೆವು. ಬಲಗಡೆ ಗಾರೆ ಟೊಳ್ಳು ಸದ್ದು, ಉಗುರಲ್ಲಿ ಗೀರಿದರೆ ಮರಳು ಉದುರುತ್ತಿತ್ತು. ವರ್ಷಗಟ್ಟಲೆಯ ಉಪ್ಪು ಸೇರಿಕೊಂಡಿದ್ದೂ ಆ ಗಾರೆಯಲ್ಲೇ. ಅದನ್ನು ಇಟ್ಟುಕೊಂಡು ಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ. ಉಪ್ಪಿನ ಗೆರೆಗಿಂತ 30 ಸೆಂಟಿಮೀಟರ್ ಮೇಲಿನವರೆಗೆ ಪೂರ್ತಿ ಕೆಡವಿ, ಇಟ್ಟಿಗೆಯ ಸಂದುಗಳನ್ನು ಒಂದೂವರೆ ಸೆಂಟಿಮೀಟರ್ ಆಳಕ್ಕೆ ಕೆದಕಿ, ಗುಡಿಸಿ, ಇಟ್ಟಿಗೆಯನ್ನು ಹಾಗೇ ಬಿಟ್ಟೆವು. ಕೆಡವಿದ ಗಾರೆಯನ್ನು ಅಂಗಳದಲ್ಲಿ ರಾಶಿ ಹಾಕಲು ಬಿಡಲಿಲ್ಲ, ಅದೂ ಉಪ್ಪಿನ ರಾಶಿಯೇ.

ಬಲಗಡೆ ಇಟ್ಟಿಗೆ ಕೂಡ ಹಲವು ವಾರ ಪುಡಿ ಬಿಟ್ಟಿತು, ನಂತರ ಎಡಗಡೆಯಂತೆಯೇ ಇಳಿಯತೊಡಗಿತು. ಹೊರಗಿನ ಕಾಲುವೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಇದೇ ಸಾಕ್ಷಿ. ಪುಡಿ ತೀರ ಕಡಿಮೆಯಾದ ಮೇಲೆ ಹೊಸ ಗಾರೆ ಹಾಕಿದ್ದು. ಸಿಮೆಂಟ್ ಬದಲು ಸುಣ್ಣ ಮರಳಿನ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಕಲಸಲು ಕುಡಿಯುವ ನೀರು ಮಾತ್ರ, ಉಪ್ಪುನೀರಿನಲ್ಲಿ ಕಲಸಿದರೆ ನಾವೇ ಉಪ್ಪು ಬಿತ್ತಿದ ಹಾಗೆ. ಸುಣ್ಣದ ಗಾರೆ ಮೆತ್ತಗೆ, ಅದರ ಮೂಲಕ ತೇವ ಸುಲಭವಾಗಿ ಹೊರಹೋಗುತ್ತದೆ, ಉಳಿದ ಉಪ್ಪು ಬಂದರೂ ಅದು ಸೇರುವುದು ಈ ಗಾರೆಗೆ, ಇಟ್ಟಿಗೆ ಉಳಿಯುತ್ತದೆ. ಮುಂದೊಂದು ದಿನ ಈ ಗಾರೆಯನ್ನು ಬದಲಿಸಬೇಕಾಗಬಹುದು, ಆ ಮಾತನ್ನು ಮೊದಲೇ ಹೇಳಿದ್ದೆ.

ಬಣ್ಣದ ವಿಷಯದಲ್ಲಿ ಮನೆಯವರಿಗೂ ನನಗೂ ಸ್ವಲ್ಪ ಜಗ್ಗಾಟ ಆಯಿತು. ಅವರಿಗೆ ಮೊದಲಿನಂತೆ ನಯವಾದ, ತೊಳೆಯಬಹುದಾದ ಎಮಲ್ಷನ್ ಬೇಕು. ನಾನು ಹೇಳಿದ್ದು, ಒಂದು ಮಳೆಗಾಲ ಮತ್ತು ಅದರ ನಂತರದ ಒಣಹವೆ ಎರಡೂ ಕಳೆಯುವವರೆಗೆ ಇಡೀ ಗೋಡೆಗೆ ಬರಿ ಸುಣ್ಣ, ಪುಟ್ಟಿ ಇಲ್ಲ. ಸುಣ್ಣಕ್ಕೆ ಖರ್ಚು ಕಡಿಮೆ, ತೇವವನ್ನು ತಡೆಯುವುದಿಲ್ಲ, ಉಪ್ಪು ಬಂದರೆ ಗುಳ್ಳೆ ಏಳದೆ ಮೇಲೆ ಪುಡಿಯಾಗಿ ಕಾಣುತ್ತದೆ, ಗುಡಿಸಿದರೆ ಹೋಗುತ್ತದೆ. ಕೊನೆಗೆ ಒಪ್ಪಿದರು.

ಏನಾಯಿತು

ಎಡಗಡೆ ಆ ಅವಧಿಯಲ್ಲಿ ಗುಡಿಸಿದರೆ ತಕ್ಕಡಿ ಒಂದು ಗ್ರಾಂ ಕೂಡ ತೋರಿಸಲಿಲ್ಲ. ಅಲ್ಲಿ ಸುಣ್ಣ ಕೆರೆದು ಎಮಲ್ಷನ್ ಹೊಡೆದೆವು, ಅದು ನಿಂತಿದೆ.

ಬಲಗಡೆ ಮಳೆಗಾಲ ಮುಗಿದ ಮೇಲೆ ನೆಲದಿಂದ ಒಂದು ಗೇಣು ಎತ್ತರಕ್ಕೆ ತೆಳ್ಳಗೆ ಬಿಳಿ ಬಂತು. ಮನೆಯವರು ಗಾಬರಿಯಾದರು. ಇಟ್ಟಿಗೆಯೊಳಗೆ ಉಳಿದಿದ್ದ ಉಪ್ಪು ಇದು, ಗುಡಿಸಿ, ಮುಂದಿನ ಸಲ ಎಷ್ಟು ಬರುತ್ತದೆ ನೋಡೋಣ ಅಂದೆ. ಮುಂದಿನ ಸಲ ಕಡಿಮೆ ಬಂತು, ಅದೂ ಅಲ್ಲಲ್ಲಿ ಮಾತ್ರ. ಆ ಭಾಗಕ್ಕೆ ಎಮಲ್ಷನ್ ಹಾಕಿಲ್ಲ, ತೇವ ಬಿಡುವ ಸಿಲಿಕೇಟ್ ಬಣ್ಣ ಹೊಡೆದಿದ್ದೇವೆ. ಪಕ್ಕಪಕ್ಕದಲ್ಲಿ ಎರಡು ಥರದ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುತ್ತದೆ, ನಡುವೆ ಒಂದು ಮರದ ಪಟ್ಟಿ ಹೊಡೆಸಿ ಅದನ್ನು ಮರೆಮಾಡಿದೆವು.

ಪೂರ್ತಿ ಬಗೆಹರಿಯದೆ ಉಳಿದದ್ದು ಒಂದಿದೆ, ಆಸಿಡ್ ಜಾಸ್ತಿ ಬಿದ್ದಿದ್ದ ಜಾಗ. ಎಡಗಡೆಯ ಕೆಳಮೂಲೆಯಲ್ಲಿ ಅಂಗೈ ಅಗಲದ ಒಂದು ಕಲೆ, ಗಾಳಿಯಲ್ಲಿ ತೇವ ಹೆಚ್ಚಾದ ದಿನ ಕಪ್ಪಾಗಿ ಒದ್ದೆಯಂತೆ ಕಾಣುತ್ತದೆ, ಬಿಸಿಲು ಬಂದರೆ ಮಾಯ. ಅಲ್ಲಿ ನೀರು ಸೋರುತ್ತಿಲ್ಲ, ಆಸಿಡ್‌ನಿಂದ ಹುಟ್ಟಿದ ಉಪ್ಪು ಗಾಳಿಯಿಂದ ನೀರು ಹೀರುತ್ತಿದೆ. ಇಂಥ ಉಪ್ಪು ಪುಡಿಯಾಗಿ ಎದ್ದು ಬರುವುದು ಕಡಿಮೆ, ಆದ್ದರಿಂದ ಗುಡಿಸಿದರೆ ಹೋಗುವುದಿಲ್ಲ. ಬಣ್ಣ ತೆಗೆದು, ಕಾಗದದ ತಿರುಳು ಮತ್ತು ಜೇಡಿಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಅಲ್ಲಿ ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತು ಬಿಸಾಡಿದೆವು. ಮೊದಲು ಆ ಲೇಪದ ನೀರು ಗೋಡೆಯೊಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ, ಒಣಗುವಾಗ ಉಪ್ಪಿನ ಜೊತೆ ಲೇಪಕ್ಕೆ ವಾಪಸ್ ಬರುತ್ತದೆ. ಗೋಡೆ ಒಣಗಿರುವಾಗ ಮಾತ್ರ ಇದನ್ನು ಮಾಡಬೇಕು, ಒದ್ದೆ ಗೋಡೆಗೆ ಮೆತ್ತಿದರೆ ನೀರು ಜಾಸ್ತಿಯಾಗುತ್ತದೆ ಅಷ್ಟೇ. ಕಲೆ ಮಸುಕಾಗಿದೆ, ಹೋಗಿಲ್ಲ. ಇನ್ನೂ ಒಂದೆರಡು ಸಲ ಮೆತ್ತಬಹುದು, ಅದಕ್ಕೂ ಬಗ್ಗದಿದ್ದರೆ ಅಷ್ಟು ಗಾರೆ ತೆಗೆಯುವುದೇ ದಾರಿ.

ಇದರಿಂದ ಬೇರೆಯವರಿಗೆ ಉಪಯೋಗ ಆಗುವುದು

ಇದೇ ಥರದ ಗೋಡೆ ನಿಮ್ಮ ಮುಂದಿದ್ದರೆ ನಾನು ಮೊದಲು ಕೇಳುವುದು, ಪುಡಿ ಮೊದಲು ಕಾಣಿಸಿದ್ದು ಯಾವಾಗ, ಅದಕ್ಕೆ ಸ್ವಲ್ಪ ಮುಂಚೆ ಮನೆಯ ಒಳಗೆ ಹೊರಗೆ ಏನು ಬದಲಾಯಿತು ಅಂತ. ಅಂಗಳ ಎತ್ತರಿಸಿದ್ದು, ಗೋಡೆಗೆ ತಾಗಿಸಿ ಹೂವಿನ ಪಾತಿ ಮಾಡಿದ್ದು, ಹೊಸ ನಲ್ಲಿ ಹಾಕಿಸಿದ್ದು, ಇವೆಲ್ಲ ಬಣ್ಣದ ವಿಷಯ ಅಂತ ಯಾರಿಗೂ ಅನಿಸುವುದಿಲ್ಲ, ಕೇಳಿದರೆ ಮಾತ್ರ ನೆನಪಾಗುತ್ತದೆ.

ಒಂದು ಕಾರಣ ಸಿಕ್ಕ ಮೇಲೂ ಹುಡುಕುವುದನ್ನು ನಿಲ್ಲಿಸಬೇಡಿ. ಸಿಕ್ಕ ಕಾರಣ ಕಲೆಯ ಆಕಾರಕ್ಕೆ ಪೂರ್ತಿ ಹೊಂದುತ್ತದೆಯಾ ನೋಡಿ. ಈ ಗೋಡೆಯಲ್ಲಿ ಒಂದು ಪೈಪ್ ಜಾಯಿಂಟ್ ಅಷ್ಟು ದೂರದ ಬಲತುದಿಯಲ್ಲಿ ನೆಲಕ್ಕೆ ಸಮನಾದ ಪಟ್ಟಿ ಬಿಡಿಸಲು ಸಾಧ್ಯವೇ ಇರಲಿಲ್ಲ. ಪೈಪ್ ಸರಿಮಾಡಿದ ದಿನವೇ ಇದನ್ನು ಗಮನಿಸಬಹುದಿತ್ತು.

ರಿಪೇರಿ ಆದ ಮೇಲೆ ಬಣ್ಣಕ್ಕೆ ಅವಸರ ಮಾಡುವವರಿಗೆ ಕ್ಯಾಲೆಂಡರ್ ನೋಡಿ ಇಷ್ಟು ತಿಂಗಳು ಕಾಯಿರಿ ಅಂದರೆ ಒಪ್ಪುವುದಿಲ್ಲ, ನನ್ನ ಅನುಭವದಲ್ಲಿ ಯಾರೂ ಒಪ್ಪಿಲ್ಲ. ತೂಕದ ಹಾಳೆ ತೋರಿಸಿದರೆ ಒಪ್ಪುತ್ತಾರೆ. ಒಣಹವೆಯಲ್ಲಿ, ಅದೇ ಚೌಕದಲ್ಲಿ, ಎರಡು ಸಲ ಬಿಡದೆ ತಕ್ಕಡಿ ಅಲ್ಲಾಡದಿದ್ದರೆ ಆ ಭಾಗಕ್ಕೆ ಬಣ್ಣ ಶುರು ಮಾಡಬಹುದು. ತೂಕ ಇಳಿಯದೆ ನಿಂತಿದ್ದರೆ ಬಣ್ಣದ ಡಬ್ಬ ಮುಚ್ಚಿಟ್ಟು ನೀರು ಎಲ್ಲಿಂದ ಬರುತ್ತಿದೆ ನೋಡಲು ಹೊರಗೆ ಹೋಗಿ.

ಈ ಮನೆಯವರಿಗೆ ಕೊನೆಗೆ ಹೇಳಿಬಂದದ್ದು ಎರಡು ಮಾತು. ಕಾಲುವೆಗೆ ಮಣ್ಣು, ಎಲೆ ಬಿದ್ದು ತುಂಬದಂತೆ ನೋಡಿಕೊಳ್ಳಿ, ಕುಂಡಗಳನ್ನು ಅದರ ಮೇಲೆ ಇಡಬೇಡಿ. ಒಳಗೆ ಬೀರುವನ್ನು ಗೋಡೆಗೆ ಅಂಟಿಸದೆ ಕೈ ಆಡುವಷ್ಟು ಜಾಗ ಬಿಡಿ, ಬಲಗಡೆ ಗೋಡೆ ಇನ್ನೂ ಒಣಗುತ್ತಿದೆ, ಅದಕ್ಕೆ ಗಾಳಿ ಬೇಕು.